ಮೂವತ್ತೊಂಬತ್ತೇ ಪತ್ರಿಕೆ: ಜ್ವರದ ಕನಸು ಯಾಕೆ ಹಾಗಿರುತ್ತದೆ

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಸಂಜೆ ಮಾತಾಡಿದ್ದು. ಮಾತಿನಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಬರೆಯುವಾಗ ಸೇರಿಸಿದ್ದೇನೆ.)

ಕಳೆದ ಮಳೆಗಾಲದಲ್ಲಿ ನನಗೆ ಫ್ಲೂ ಜ್ವರ ಬಂತು. ಎರಡನೇ ರಾತ್ರಿ ಇಡೀ ನಾನು ಉತ್ತರ ಪತ್ರಿಕೆ ಎಣಿಸಿದೆ. ಒಂದು ಕಟ್ಟಿಗೆ ನಲವತ್ತು ಇರಬೇಕು. ಎಣಿಸಿದರೆ ಮೂವತ್ತೊಂಬತ್ತು. ಬಿಚ್ಚಿ ಮತ್ತೆ ಎಣಿಸಿದೆ, ಮೂವತ್ತೊಂಬತ್ತು. ದಾರ ಕಟ್ಟುವಷ್ಟರಲ್ಲಿ ಕಟ್ಟು ಮಂಚದಷ್ಟು ದೊಡ್ಡದಾಗುತ್ತಿತ್ತು, ದಾರ ಕೂದಲೆಳೆಯಷ್ಟು ಸಣ್ಣದಾಗುತ್ತಿತ್ತು, ಮತ್ತೆ ಮೊದಲಿನಿಂದ. ಎಚ್ಚರ ಆಗುತ್ತಿತ್ತು, ನೀರು ಕುಡಿಯುತ್ತಿದ್ದೆ, ಮಲಗಿದರೆ ಅದೇ ಕಟ್ಟು ಅಲ್ಲೇ ಕಾಯುತ್ತಿತ್ತು. ನಾನು ಮೆಡಿಕಲ್ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿ ಆರು ವರ್ಷ ಆಯಿತು. ಪತ್ರಿಕೆ ಇನ್ನೂ ಬಿಟ್ಟಿಲ್ಲ.

ಆ ರಾತ್ರಿ ನನ್ನ ಹೆಂಡತಿ ಒಂದು ಒಳ್ಳೆ ಕೆಲಸ ಮಾಡಿದಳು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗಂಟೆ, ಜ್ವರ, ನಾನು ಏನು ಬಡಬಡಿಸಿದೆ ಅನ್ನೋದನ್ನೆಲ್ಲ ಬರೆದಿಟ್ಟಳು. ಡಾಕ್ಟರಿಗೆ ತೋರಿಸೋಣ ಅಂತ ಬರೆದದ್ದು. ಜ್ವರ ಬಿಟ್ಟ ಮೇಲೆ ಅದನ್ನು ಓದಿದಾಗ ನನಗೆ ಅನಿಸಿದ್ದು, ಇಷ್ಟು ವರ್ಷ ಪಾಠ ಮಾಡಿದ್ದೆಲ್ಲ ಈ ಅರ್ಧ ಹಾಳೆಯಲ್ಲೇ ಇದೆಯಲ್ಲ ಅಂತ. ಇವತ್ತಿನ ಮಾತು ಆ ಹಾಳೆಯ ಮೇಲೆಯೇ.

ಮೊದಲ ಸಾಲು: "9.30 – 101.8. ಚಳಿ ಅಂತಾರೆ. ಎರಡು ರಗ್ಗು." ಮುಂದೆ: "10.15 – ನಿದ್ದೆಯಲ್ಲಿ 'ಮಳೆ ಒಳಗೆ ಬರ್ತಿದೆ' ಅಂದರು."

ಆ ಕನಸು ನನಗೆ ನೆನಪಿದೆ. ರೇಷನ್ ಅಂಗಡಿ ಮುಂದೆ ಸಾಲಿನಲ್ಲಿ ನಿಂತಿದ್ದೇನೆ, ಮಳೆ ಹೊಡೆಯುತ್ತಿದೆ, ಮೈಮೇಲೆ ಬಟ್ಟೆ ಬದಲು ಒದ್ದೆ ಗೋಣಿಚೀಲ. ಈಗ ವಿಚಿತ್ರ ನೋಡಿ. ಮೈ ಸುಡುತ್ತಿದೆ, ಕನಸಿನಲ್ಲಿ ಚಳಿ. ಯಾಕೆ?

ನಿಮ್ಮ ಮನೆಯ ಗೀಸರ್ ನೆನಪಿಸಿಕೊಳ್ಳಿ. ಅದರಲ್ಲಿ ಒಂದು ತಿರುಪು ಇರುತ್ತದೆ, ಇಷ್ಟು ಬಿಸಿ ಆಗುವವರೆಗೆ ಉರಿ ಅಂತ ಹೇಳುವುದು. ನಮ್ಮ ಮಿದುಳಿನಲ್ಲೂ ಹೈಪೋಥಲಾಮಸ್ ಅನ್ನೋ ಜಾಗದಲ್ಲಿ ಅಂಥದ್ದೊಂದು ಏರ್ಪಾಡಿದೆ. ವೈರಸ್ಸು ಒಳಗೆ ಬಂದಾಗ ನಮ್ಮ ರಕ್ಷಣಾ ಕೋಶಗಳು ಇಂಟರ್‌ಲ್ಯೂಕಿನ್-1 ಥರದ ಕೆಲವು ಸಂದೇಶವಸ್ತುಗಳನ್ನು ಬಿಡುತ್ತವೆ. ಅವುಗಳಿಂದಾಗಿ ಹೈಪೋಥಲಾಮಸ್ಸಿನ ಹತ್ತಿರ ಪ್ರೋಸ್ಟಗ್ಲಾಂಡಿನ್ ಇ2 ಅನ್ನೋ ವಸ್ತು ತಯಾರಾಗುತ್ತದೆ, ಅದು ತಿರುಪನ್ನು ಮೇಲಕ್ಕೆ ತಿರುಗಿಸುತ್ತದೆ. 98.6ಕ್ಕೆ ಇದ್ದದ್ದು 103ಕ್ಕೆ ಹೋಯಿತು ಅಂದುಕೊಳ್ಳಿ. ಆ ಕ್ಷಣದಲ್ಲಿ ಮೈ 101 ಇದ್ದರೂ ಮಿದುಳಿನ ಲೆಕ್ಕದಲ್ಲಿ ಎರಡು ಡಿಗ್ರಿ ಕಮ್ಮಿ. ಅಂದರೆ ಚಳಿ. ಹಾಗಾಗಿ ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಕೈಕಾಲು ತಣ್ಣಗಾಗುತ್ತವೆ, ಹಲ್ಲು ಕಟಕಟ ಅನ್ನುತ್ತದೆ. ನಡುಕ ಅನ್ನೋದು ಸುಮ್ನೆ ಬರುವ ತೊಂದರೆ ಅಲ್ಲ, ಸ್ನಾಯುಗಳನ್ನು ಮತ್ತೆ ಮತ್ತೆ ಬಿಗಿಸಿ ಸಡಿಲಿಸಿ ಬಿಸಿ ಹುಟ್ಟಿಸುವ ಕೆಲಸ ಅದು. ನನ್ನ ಗೋಣಿಚೀಲದ ಕನಸು ಸುಳ್ಳು ಹೇಳಲಿಲ್ಲ. ಮಿದುಳಿಗೆ ಬಂದ ವರದಿಯೇ ಚಳಿ ಅಂತಿತ್ತು, ಕನಸು ಅದಕ್ಕೊಂದು ಕತೆ ಕಟ್ಟಿತು ಅಷ್ಟೇ.

ಹೊರಗಿನ ವರದಿ ಕನಸಿನೊಳಗೆ ನುಗ್ಗುವುದನ್ನು ಅಳೆದೂ ನೋಡಿದ್ದಾರೆ. 1958ರಲ್ಲಿ ಅಮೆರಿಕದ ವಿಲಿಯಂ ಡೆಮೆಂಟ್ ಮತ್ತು ಎಡ್ವರ್ಡ್ ವೋಲ್ಪರ್ಟ್, ಮಲಗಿದವರ ಮೇಲೆ ತಣ್ಣೀರು ಚಿಮುಕಿಸಿ, ಬೆಳಕು ಬಿಟ್ಟು, ಸದ್ದು ಮಾಡಿ, ಆಮೇಲೆ ಎಬ್ಬಿಸಿ ಏನು ಕನಸು ಬಿತ್ತು ಅಂತ ಕೇಳಿದರು. ನೀರು ಹೆಚ್ಚು ಸಲ ಕನಸಿನೊಳಗೆ ಸೇರಿತ್ತು, ಮಾಡು ಸೋರಿದ ಹಾಗೆ, ಯಾರೋ ನೀರು ಎರಚಿದ ಹಾಗೆ. ಬೆಳಕು ಅದಕ್ಕಿಂತ ಕಮ್ಮಿ, ಸದ್ದು ಇನ್ನೂ ಕಮ್ಮಿ. ಚರ್ಮದ ಸುದ್ದಿಗೆ ಬಾಗಿಲು ಸುಲಭವಾಗಿ ತೆರೆಯುತ್ತದೆ ಅಂತಾಯಿತು. ಜ್ವರ ಬಂದಾಗ ಮೈ ಕಳಿಸುವ ಸುದ್ದಿ ಎಷ್ಟು! ಚಳಿ, ಉರಿ, ಮೈಕೈ ನೋವು, ಒಣಗಿದ ಗಂಟಲು, ಓಡುವ ಎದೆಬಡಿತ. ಆರೋಗ್ಯವಾಗಿದ್ದಾಗ ನಿದ್ದೆಯಲ್ಲಿ ಮೈ ಬಹುಮಟ್ಟಿಗೆ ಸುಮ್ಮನಿರುತ್ತದೆ. ಜ್ವರದಲ್ಲಿ ಅದು ಇಡೀ ರಾತ್ರಿ ಬಾಗಿಲು ಬಡಿಯುತ್ತದೆ.

ಈಗ ನನಗೆ ಇಷ್ಟವಾದ ಒಗಟಿಗೆ ಬರುತ್ತೇನೆ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕತೆಯಂಥ, ಬಣ್ಣಬಣ್ಣದ ಕನಸುಗಳು ಹೆಚ್ಚಾಗಿ ಬೀಳುವುದು ಕಣ್ಣುಗುಡ್ಡೆ ಅತ್ತಿತ್ತ ಓಡಾಡುವ ನಿದ್ದೆಯಲ್ಲಿ. ಅದಕ್ಕೆ ರೆಮ್ ನಿದ್ದೆ ಅಂತ ಹೆಸರು, 1953ರಿಂದ ಗೊತ್ತಿರುವ ವಿಷಯ. ಸುಮಾರು ಒಂದೂವರೆ ಗಂಟೆಗೊಂದು ಸುತ್ತು, ಪ್ರತಿ ಸುತ್ತಿನ ಕೊನೆಗೆ ಸ್ವಲ್ಪ ರೆಮ್, ಬೆಳಗಿನ ಜಾವಕ್ಕೆ ಅದು ಉದ್ದವಾಗುತ್ತ ಹೋಗುತ್ತದೆ. ಹಾಗಾದರೆ ಜ್ವರದಲ್ಲಿ ಕನಸು ಜೋರಾಗಿರುತ್ತದೆ ಅಂದರೆ ರೆಮ್ ಜಾಸ್ತಿ ಆಗಿರಬೇಕು ಅಲ್ವಾ? ಅಳೆದು ನೋಡಿದರೆ ಉಲ್ಟಾ. ಜ್ವರದಲ್ಲಿ ರೆಮ್ ನಿದ್ದೆ ಕಮ್ಮಿಯಾಗುತ್ತದೆ. ಪ್ರಾಣಿಗಳಿಗೆ ಇಂಟರ್‌ಲ್ಯೂಕಿನ್-1 ಕೊಟ್ಟು ನೋಡಿದರೂ ಅಷ್ಟೇ: ರೆಮ್ ಇಳಿಯುತ್ತದೆ, ಉಳಿದ ನಿದ್ದೆ ಹೆಚ್ಚುತ್ತದೆ, ಆದರೆ ಅದೂ ಚೂರುಚೂರಾಗಿರುತ್ತದೆ.

ದೇಹ ಹೀಗೇಕೆ ಮಾಡುತ್ತದೆ ಅನ್ನೋದಕ್ಕೆ ಲೂಕಾ ಇಮೇರಿ ಮತ್ತು ಮಾರ್ಕ್ ಆಪ್ ಅನ್ನುವವರು 2009ರಲ್ಲಿ ಒಂದು ವಿವರಣೆ ಬರೆದರು, ಓದಿದಾಗ ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿದೆ. ರೆಮ್ ನಿದ್ದೆಯಲ್ಲಿ ಸ್ನಾಯುಗಳು ಸಡಿಲಾಗಿ ಬಿದ್ದಿರುತ್ತವೆ, ಕನಸಿನಲ್ಲಿ ಓಡಿದರೂ ಮಂಚದಲ್ಲಿ ಕಾಲು ಓಡಬಾರದು ಅಂತ. ಸ್ನಾಯು ಸಡಿಲ ಇದ್ದರೆ ನಡುಗಲು ಆಗುವುದಿಲ್ಲ. ನಡುಗದಿದ್ದರೆ ಜ್ವರ ಏರಿಸಲು ಆಗುವುದಿಲ್ಲ. ಜ್ವರ ಏರಿಸುವುದು ಸಣ್ಣ ಖರ್ಚಿನ ಕೆಲಸವೂ ಅಲ್ಲ, ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಖರ್ಚು ನೂರಕ್ಕೆ ಹತ್ತರಿಂದ ಹದಿಮೂರರಷ್ಟು ಹೆಚ್ಚುತ್ತದೆ. ಹಾಗಾಗಿ ಸೋಂಕಿನ ಜೊತೆ ಕಾದಾಡುವ ದೇಹ ರೆಮ್ ನಿದ್ದೆಯನ್ನು ಪಕ್ಕಕ್ಕೆ ತಳ್ಳುತ್ತದೆ ಅನ್ನೋದು ಅವರ ವಾದ.

ಸರಿ, ಕನಸಿನ ನಿದ್ದೆಯೇ ಕಮ್ಮಿ ಅಂದಮೇಲೆ ಈ ಪರಿ ಕನಸು ಎಲ್ಲಿಂದ?

ಹಾಲಿನ ಪುಸ್ತಕ ನೋಡೋಣ. ಒಂಬತ್ತೂವರೆಯಿಂದ ಬೆಳಗಿನ ಆರೂವರೆವರೆಗೆ ನಾನು ಎದ್ದದ್ದನ್ನು ಅವಳು ಹನ್ನೊಂದು ಸಲ ಬರೆದಿದ್ದಾಳೆ. ಅವಳು ತೂಕಡಿಸಿದಾಗ ಎದ್ದದ್ದು ಲೆಕ್ಕಕ್ಕಿಲ್ಲ. ಉತ್ತರ ಅರ್ಧ ಇಲ್ಲೇ ಇದೆ. ದಿನಾ ರಾತ್ರಿ ನಮಗೆ ಬೇಕಾದಷ್ಟು ಕನಸು ಬೀಳುತ್ತವೆ, ಅದರಲ್ಲಿ ಹುಚ್ಚುಹುಚ್ಚಾದವೂ ಇರುತ್ತವೆ. ಬೆಳಗಾಗುವಷ್ಟರಲ್ಲಿ ಅಳಿಸಿಹೋಗಿರುತ್ತವೆ. ಪ್ರಯೋಗಾಲಯದಲ್ಲಿ ರೆಮ್ ನಡುವೆಯೇ ಎಬ್ಬಿಸಿದರೆ ಹತ್ತರಲ್ಲಿ ಎಂಟು ಸಲ ಜನ ಕನಸು ಹೇಳುತ್ತಾರೆ, ಕೆಲವು ನಿಮಿಷ ತಡವಾಗಿ ಎಬ್ಬಿಸಿದರೆ ತುಣುಕು ಮಾತ್ರ ಉಳಿದಿರುತ್ತದೆ. ಜ್ವರ ಅನ್ನೋದು ನಿಮ್ಮನ್ನು ಕನಸಿನ ನಡುವೆಯೇ ಹನ್ನೊಂದು ಸಲ ಎಬ್ಬಿಸುವ ಪ್ರಯೋಗಾಲಯ. ಕನಸು ಹೆಚ್ಚಿದ್ದಕ್ಕಿಂತ ಸಿಕ್ಕಿಬಿದ್ದ ಕನಸು ಹೆಚ್ಚು.

ಇನ್ನರ್ಧ ಉತ್ತರ: ಕನಸು ರೆಮ್‌ನಲ್ಲಷ್ಟೇ ಬೀಳುವುದಿಲ್ಲ. ಎಚ್ಚರದಿಂದ ನಿದ್ದೆಗೆ ಜಾರುವ ಆ ಜೊಂಪಿನಲ್ಲೂ ಚಿತ್ರಗಳು ಬರುತ್ತವೆ, ಆದರೆ ಅವು ಕತೆ ಥರ ಇರುವುದಿಲ್ಲ. ಒಂದೇ ಯೋಚನೆ, ಒಂದೇ ಆಕಾರ, ಗಿರಗಿರ ಸುತ್ತುವುದು. ಇಡೀ ದಿನ ಅಡಿಕೆ ಸುಲಿದವರಿಗೆ ಕಣ್ಣು ಮುಚ್ಚಿದರೆ ಅಡಿಕೆ ಕಾಣುತ್ತದಲ್ಲ, ಹಾಗೆ. ಆರೋಗ್ಯವಂತರು ಈ ಜೊಂಪನ್ನು ಐದಾರು ನಿಮಿಷದಲ್ಲಿ ದಾಟಿ ಆಳಕ್ಕೆ ಹೋಗಿಬಿಡುತ್ತಾರೆ. ಜ್ವರದವರು ಹೊಸ್ತಿಲಲ್ಲೇ ಕೂತಿರುತ್ತಾರೆ, ಒಳಗೂ ಇಲ್ಲ, ಹೊರಗೂ ಇಲ್ಲ.

ನನ್ನ ಪತ್ರಿಕೆ ಎಣಿಕೆ ಹೊಸ್ತಿಲ ಕನಸು ಅಂತ ನನ್ನ ಲೆಕ್ಕ. ಎಣಿಸಬೇಕು ಅನ್ನೋ ಆಸೆ ಎಚ್ಚರದ ಕಡೆಯಿಂದ ಬಂತು. ಎಣಿಸಲು ಬೇಕಾದ, ಮೂವತ್ತೆಂಟು ಆಯಿತು ಇನ್ನೆರಡು ಬಾಕಿ ಅಂತ ಹಿಡಿದಿಟ್ಟುಕೊಳ್ಳುವ ಶಕ್ತಿ ಮಾತ್ರ ನಿದ್ದೆಯ ಕಡೆ ಹೋಗಿಬಿಟ್ಟಿತ್ತು. ಅದು ಹಣೆಯ ಹಿಂದಿನ ಮಿದುಳಿನ ಕೆಲಸ, ನಿದ್ದೆ ಹತ್ತಿದೊಡನೆ ಮೊದಲು ರಜಾ ಹಾಕುವ ಭಾಗ ಅದು. ಕೆಲಸ ಇದೆ, ಕೆಲಸ ಎಲ್ಲಿಗೆ ಬಂತು ಅನ್ನೋದು ನೆನಪಿಲ್ಲ. ಹಾಗಾದಾಗ ಯಾರೇ ಆಗಲಿ ಮೊದಲಿನಿಂದಲೇ ಶುರು ಮಾಡುತ್ತಾರೆ. ಜ್ವರದ ಕನಸಿನಲ್ಲಿ ಮುಗಿಯದ ಕೆಲಸ, ಬಿಡಿಸಲಾಗದ ಲೆಕ್ಕ, ಎಷ್ಟು ಹತ್ತಿದರೂ ಮುಗಿಯದ ಮೆಟ್ಟಿಲು ಇಷ್ಟೊಂದು ಬರುವುದಕ್ಕೆ ನನಗೆ ಇದಕ್ಕಿಂತ ಸರಳ ಕಾರಣ ಕಾಣುವುದಿಲ್ಲ.

ಪುಸ್ತಕಕ್ಕೆ ವಾಪಸ್. "11.00 – 103.1. 11.10 – ಮಾತ್ರೆ 650. 11.40 – 'ಗೋಡೆ ಹಿಡ್ಕೋ' ಅಂದರು."

ಇದು ಆ ರಾತ್ರಿಯ ಅತಿ ಕೆಟ್ಟ ಭಾಗ. ಎದುರುಗೋಡೆ ಹೋಳಿಗೆ ಕಣಕದ ಹಾಗೆ ಮೆತ್ತಗಾಗಿ ಹತ್ತಿರ ಬರುತ್ತಿತ್ತು. ನನ್ನ ನಾಲಿಗೆ ದಿಂಬಿನಷ್ಟು. ಒಂದು ಸಾಸಿವೆ ಕಾಳು ಕೋಣೆ ತುಂಬ, ಆದರೂ ಅದು ಸಾಸಿವೆ ಕಾಳೇ, ಅದೇ ಹೆದರಿಕೆ. ಸಭೆಯಲ್ಲಿ ಇದನ್ನು ಹೇಳಿದಾಗ ಹಿಂದಿನ ಸಾಲಿನಲ್ಲಿ ಮೂರು ನಾಲ್ಕು ಜನ ತಲೆ ಅಲ್ಲಾಡಿಸಿದರು. ಚಿಕ್ಕಂದಿನಲ್ಲಿ ಜ್ವರ ಬಂದವರಿಗೆ ಈ ದೊಡ್ಡದು-ಚಿಕ್ಕದು ಗೊತ್ತೇ ಇರುತ್ತದೆ.

ನಮ್ಮ ಮೈ ಎಷ್ಟು ದೊಡ್ಡದು, ಕೈ ಎಲ್ಲಿದೆ, ಗೋಡೆ ಎಷ್ಟು ದೂರ ಅನ್ನೋ ಲೆಕ್ಕವನ್ನು ಮಿದುಳಿನ ಹಿಂಭಾಗದ ಮೇಲುಗಡೆ ಇರುವ ಪಾರ್ಶ್ವಭಾಗ ಕ್ಷಣಕ್ಷಣವೂ ಕೂಡಿಸಿ ಕಳೆದು ಇಟ್ಟಿರುತ್ತದೆ. ಅದು ತಪ್ಪಿದರೆ ಕಣ್ಣು ಸರಿಯಿದ್ದರೂ ಅಳತೆ ಕೆಡುತ್ತದೆ. ಎಚ್ಚರದಲ್ಲೇ ಹೀಗಾಗುವುದನ್ನು 1955ರಲ್ಲಿ ಜಾನ್ ಟಾಡ್ ಅನ್ನುವ ಇಂಗ್ಲಿಷ್ ಮನೋವೈದ್ಯ ವಿವರಿಸಿ, ಅದಕ್ಕೆ 'ಆಲಿಸ್ ಇನ್ ವಂಡರ್‌ಲ್ಯಾಂಡ್ ಸಿಂಡ್ರೋಮ್' ಅಂತ ಹೆಸರಿಟ್ಟರು. ದೊಡ್ಡವರಲ್ಲಿ ಹೆಚ್ಚಾಗಿ ಮೈಗ್ರೇನ್ ಜೊತೆ, ಮಕ್ಕಳಲ್ಲಿ ಹೆಚ್ಚಾಗಿ ವೈರಸ್ ಸೋಂಕಿನ ಜೊತೆ ಇದು ಬರುತ್ತದೆ. ಮಗು 'ಅಮ್ಮಾ, ನಿನ್ನ ಮುಖ ಚಿಕ್ಕದಾಗ್ತಿದೆ' ಅಂದರೆ ಅದು ಸುಳ್ಳು ಹೇಳುತ್ತಿಲ್ಲ, ದೃಷ್ಟಿಯೂ ತಾಗಿಲ್ಲ. ಕೆಲವು ನಿಮಿಷದಲ್ಲಿ ಹೋಗುತ್ತದೆ, ಪದೇ ಪದೇ ಬಂದರೆ ಡಾಕ್ಟರಿಗೆ ಹೇಳಿ.

ಹಾಗಾದರೆ ಮಿದುಳು ಬಿಸಿಯಾಗಿಯೇ ಕನಸು ಕೆಡುತ್ತದಾ? ಬಿಸಿಯಾದ ಯಂತ್ರ ಕೆಟ್ಟದಾಗಿ ಓಡುತ್ತದೆ ಅನ್ನೋದು ಹಳೇ ಊಹೆ. ಮಿದುಳಿನ ಕೋಶಗಳು ಬಿಸಿಗೆ ಬೇರೆ ಥರ ವರ್ತಿಸುತ್ತವೆ, ಅದು ನಿಜ. 2020ರಲ್ಲಿ ಜರ್ಮನಿಯ ಮೈಕೆಲ್ ಶ್ರೆಡ್ಲ್ ಮತ್ತು ಸ್ವಿಟ್ಜರ್ಲೆಂಡಿನ ಡೇನಿಯಲ್ ಎರ್ಲಾಕರ್ ಜನರಿಂದ ಜ್ವರದ ಕನಸುಗಳನ್ನು ಬರೆಸಿಕೊಂಡು ಮಾಮೂಲಿ ಕನಸುಗಳ ಜೊತೆ ಹೋಲಿಸಿದರು. ಜ್ವರದ ಕನಸು ಹೆಚ್ಚು ವಿಚಿತ್ರ, ಹೆಚ್ಚು ಬೇಸರದ್ದು, ಕಾಯಿಲೆ ಮತ್ತು ಬಿಸಿ-ಚಳಿಯ ಮಾತು ಅದರಲ್ಲಿ ಜಾಸ್ತಿ ಅಂತ ಬಂತು. ಬಿಸಿ ಮಿದುಳಿನ ಊಹೆಗೆ ಇದು ಹೊಂದುತ್ತದೆ ಅಂತ ಅವರು ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಜನ ಬರೆದು ಕಳಿಸುವುದು ಮರೆಯಲಾಗದ ಕನಸನ್ನು, ಸಪ್ಪೆ ಕನಸನ್ನು ಯಾರು ಬರೆಯುತ್ತಾರೆ? ಮೇಲಾಗಿ ಬಿಸಿ ಒಂದೇ ಕಾರಣ ಆಗಿದ್ದರೆ, ನನಗೆ ಕೆಟ್ಟ ಕನಸು 103ರಲ್ಲಿ ಮಾತ್ರ ಬೀಳಬೇಕಿತ್ತು. ಗೋಣಿಚೀಲ ಬಂದದ್ದು 102ರ ಆಸುಪಾಸಿನಲ್ಲಿ, ಏರುವ ದಾರಿಯಲ್ಲಿ. ಡಿಗ್ರಿಯ ಜೊತೆಗೆ ಜ್ವರ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನೋದನ್ನೂ ನೋಡಬೇಕು ಅಂತ ನನ್ನ ಅನಿಸಿಕೆ. ಒಬ್ಬನ ಒಂದು ರಾತ್ರಿಯಿಂದ ಏನೂ ಸಾಬೀತಾಗುವುದಿಲ್ಲ ಬಿಡಿ.

"12.45 – 100.6. ಬನಿಯನ್ ತೊಯ್ದು ಹೋಗಿದೆ. 'ಹಾಲು ಉಕ್ತು' ಅಂದರು."

ಮಾತ್ರೆ ಕೆಲಸ ಮಾಡಿತು. ಪ್ಯಾರಾಸಿಟಮಾಲ್ ಆ ಪ್ರೋಸ್ಟಗ್ಲಾಂಡಿನ್ ತಯಾರಿಯನ್ನು ತಗ್ಗಿಸುತ್ತದೆ, ತಿರುಪು ಕೆಳಗಿಳಿಯುತ್ತದೆ. ಈಗ ಲೆಕ್ಕ ತಿರುಗುಮುರುಗು: ಮೈ 102, ಬೇಕಾದದ್ದು 99. ಅಂದರೆ ಸೆಕೆ. ರಗ್ಗು ಒದೆಯುತ್ತೇವೆ, ಬೆವರು ಕಿತ್ತುಕೊಂಡು ಬರುತ್ತದೆ. ಕನಸಿನಲ್ಲಿ ಒಲೆ ಮೇಲಿನ ಹಾಲು ಉಕ್ಕಿ ನೆಲಕ್ಕೆ ಹರಿದು ನನ್ನ ಬೆನ್ನಿನ ಕೆಳಗೆ ಬಂತು. ಬೆನ್ನು ಒದ್ದೆಯಾಗಿತ್ತು, ಅಷ್ಟೇ ವಿಷಯ.

ಇಲ್ಲಿ ಸ್ವಲ್ಪ ನಿಲ್ಲಿಸಿ ಬೇರೆ ಮಾತು ಹೇಳಬೇಕು, ಯಾಕೆಂದರೆ ಎಲ್ಲ ಬಡಬಡಿಕೆಯೂ ಕನಸಲ್ಲ.

ನಮ್ಮಲ್ಲಿ ಎರಡು ಪದ ಇವೆ, ಹಿರಿಯರು ಸರಿಯಾಗಿಯೇ ಬೇರೆ ಮಾಡಿದ್ದಾರೆ. ಕನವರಿಕೆ ಒಂದು, ಸನ್ನಿ ಇನ್ನೊಂದು. ಸನ್ನಿ ಬಂದದ್ದು ಆಯುರ್ವೇದದ ಸನ್ನಿಪಾತ ಜ್ವರದಿಂದ, ಮೂರು ದೋಷವೂ ಒಟ್ಟಿಗೆ ಕೆರಳಿದ್ದು ಅಂತ ಅರ್ಥ. ಇವತ್ತಿನ ಡಾಕ್ಟರು ಅದನ್ನು ಡೆಲಿರಿಯಂ ಅನ್ನುತ್ತಾರೆ. ಕನವರಿಸುವವರನ್ನು ಹೆಸರು ಹಿಡಿದು ಕರೆದು ಎಬ್ಬಿಸಿ, ದೀಪ ಹಾಕಿದರೆ ಒಂದೆರಡು ನಿಮಿಷದಲ್ಲಿ 'ಏನೋ ಕನಸು' ಅನ್ನುತ್ತಾರೆ. ಎಲ್ಲಿದ್ದೇನೆ, ಎದುರಿಗೆ ಯಾರಿದ್ದಾರೆ ಗೊತ್ತಿರುತ್ತದೆ. ಸನ್ನಿಯಲ್ಲಿ ಕಣ್ಣು ಬಿಟ್ಟೇ ಇರುತ್ತದೆ, ಕನಸು ನಿಲ್ಲುವುದಿಲ್ಲ. ಗೋಡೆಯಲ್ಲಿ ಇಲ್ಲದ್ದನ್ನು ತೋರಿಸುತ್ತಾರೆ, ಹೊದಿಕೆ ಕೀಳುತ್ತಾರೆ, ಒಂದು ಗಳಿಗೆ ಸರಿ, ಮತ್ತೊಂದು ಗಳಿಗೆ ಇಲ್ಲ. ಸುಲಭದ ಪರೀಕ್ಷೆ ಒಂದಿದೆ: ಭಾನುವಾರದಿಂದ ವಾರಗಳನ್ನು ಹಿಂದಕ್ಕೆ ಹೇಳಿಸಿ. ಭಾನುವಾರ, ಶನಿವಾರ, ಶುಕ್ರವಾರ. ನಿದ್ದೆಗಣ್ಣಿನವರು ಗೊಣಗಿಕೊಂಡಾದರೂ ಮುಗಿಸುತ್ತಾರೆ. ಸನ್ನಿಯವರು ಎರಡು ಹೇಳಿ ದಾರಿ ತಪ್ಪುತ್ತಾರೆ, ಏನು ಕೇಳಿದಿರಿ ಅನ್ನೋದೇ ಮರೆತಿರುತ್ತದೆ.

ಹಾಗೆ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಕುತ್ತಿಗೆ ಬಗ್ಗಿಸಲಾಗದಿದ್ದರೆ, ಫಿಟ್ಸ್ ಬಂದರೆ, ಕರೆದರೂ ಎಚ್ಚರವಾಗದಿದ್ದರೆ ಇನ್ನೂ ಬೇಗ. ವಯಸ್ಸಾದವರಲ್ಲಿ ಜ್ವರ ಹೆಚ್ಚಿಲ್ಲದೆಯೂ, ಬರೀ ಮೂತ್ರದ ಸೋಂಕಿಗೂ ಹೀಗಾಗುತ್ತದೆ. ಮನೆಯವರು ಅರಳುಮರಳು ಅಂತ ಸುಮ್ಮನಾಗಿಬಿಡುತ್ತಾರೆ. ಡೆಂಗಿಯಲ್ಲಂತೂ ಇನ್ನೊಂದು ಮೋಸ ಇದೆ. ಅಲ್ಲಿ ಅಪಾಯದ ಹೊತ್ತು ಶುರುವಾಗುವುದು ಜ್ವರ ಇಳಿಯುವ ಸಮಯಕ್ಕೆ. ಜ್ವರ ಬಿಟ್ಟಿತು ಅಂತ ಖುಷಿಪಡುವಾಗ ರೋಗಿ ಮಂಕಾದರೆ, ಚಡಪಡಿಸಿದರೆ, ಹೊಟ್ಟೆನೋವು ಅಂದರೆ, ವಾಂತಿ ನಿಲ್ಲದಿದ್ದರೆ ತಕ್ಷಣ ತೋರಿಸಬೇಕು.

ನನಗೆ ಸನ್ನಿ ಇರಲಿಲ್ಲ. ನನ್ನ ಹೆಂಡತಿ ವಾರ ಹೇಳಿಸಿದಳೋ ಇಲ್ಲವೋ, ಪುಸ್ತಕದಲ್ಲಿ "1.10 – ನನ್ನ ತವರೂರು ಕೇಳಿದೆ. ಸರಿ ಹೇಳಿದರು" ಅಂತಿದೆ.

ಆಮೇಲೆ ಮೂರು ಗಂಟೆ ಯಾವ ಸಾಲೂ ಇಲ್ಲ, ಇಬ್ಬರೂ ಮಲಗಿದ್ದೆವು. ನಾಲ್ಕೂವರೆಗೆ ಜ್ವರ ಮತ್ತೆ 102, ಮತ್ತೆ ಪತ್ರಿಕೆ. ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ಐದನೇ ರಾತ್ರಿ, ಮೈ ತಣ್ಣಗಿರುವಾಗ, ಇನ್ನೊಂದು ಥರದ ಕನಸು ಬಿತ್ತು: ಉದ್ದ, ಬಣ್ಣದ್ದು, ಸತ್ತ ಸೋದರಮಾವ ಬಂದು ಕೂತು ಕಾಫಿ ಕುಡಿದರು, ಜಮೀನಿನ ವಿಷಯ ಮಾತಾಡಿದರು. ಇದಕ್ಕೂ ಲೆಕ್ಕವಿದೆ. ಕಮ್ಮಿಯಾದ ರೆಮ್ ನಿದ್ದೆಯನ್ನು ಮಿದುಳು ಸಾಲದ ಹಾಗೆ ನೆನಪಿಟ್ಟಿರುತ್ತದೆ, ಅವಕಾಶ ಸಿಕ್ಕಾಗ ಹೆಚ್ಚು ತೆಗೆದುಕೊಳ್ಳುತ್ತದೆ. ಜ್ವರ ಬಿಟ್ಟ ಮೇಲೆ ಬೀಳುವ ಜೋರು ಕನಸಿಗೆ ಹೆದರಬೇಕಿಲ್ಲ.

ಕೊನೆಗೆ ಪ್ರಶ್ನೆಗಳು ಬಂದವು. ಒಬ್ಬರು ಅಮ್ಮ ಕೇಳಿದರು: 'ಹಣೆಗೆ ತಣ್ಣೀರು ಬಟ್ಟೆ ಹಾಕಿದರೆ ಕೆಟ್ಟ ಕನಸು ನಿಲ್ಲುತ್ತದಾ ಸಾರ್?' ತಿರುಪು ಮೇಲೇ ಇದ್ದರೆ ಬಟ್ಟೆ ಚರ್ಮವನ್ನಷ್ಟೇ ತಣ್ಣಗೆ ಮಾಡುತ್ತದೆ, ಮಿದುಳು ಇನ್ನೂ ಚಳಿ ಅಂದುಕೊಂಡು ಜಾಸ್ತಿ ನಡುಗಿಸುತ್ತದೆ. ಐಸ್ ನೀರಂತೂ ಬೇಡ. ಸೆಕೆ ಅನ್ನುವ ಹೊತ್ತಿಗೆ, ಉಗುರುಬೆಚ್ಚಗಿನ ನೀರಿನ ಬಟ್ಟೆ ಹಿತವಾಗುತ್ತದೆ. ಅವರು ಸ್ವಲ್ಪ ಯೋಚಿಸಿ, 'ನಮ್ಮತ್ತೆ ಹಾಕ್ತಿದ್ದಾಗ ಒಳ್ಳೆ ನಿದ್ದೆ ಬರ್ತಿತ್ತಪ್ಪ' ಅಂದರು. ಪಕ್ಕದಲ್ಲಿ ಒಬ್ಬರು ಕೂತು ಹಣೆ ಮುಟ್ಟುತ್ತಿದ್ದರೆ ಬರುತ್ತದೆ ಅಮ್ಮಾ, ಅದನ್ನು ಅಳೆಯುವ ಥರ್ಮಾಮೀಟರು ನನ್ನ ಹತ್ತಿರ ಇಲ್ಲ ಅಂದೆ.

ಪಿಯುಸಿ ಹುಡುಗ ಒಬ್ಬ ಕೇಳಿದ: 'ನನಗೆ ಪ್ರತಿ ಸಲ ಜ್ವರ ಬಂದಾಗಲೂ ಅದೇ ಕನಸು ಯಾಕೆ ಸಾರ್?' ಯಾವುದಪ್ಪಾ ಅಂದೆ. ಚಕ್ರ, ಅಂದ. ಒಂದು ದೊಡ್ಡ ಚಕ್ರ ನಿಧಾನವಾಗಿ ಉರುಳಿಕೊಂಡು ಬರುತ್ತದೆ, ಅವನು ಅದಕ್ಕೆ ದಾರ ಸುತ್ತಬೇಕು, ದಾರ ಸಾಲುವುದಿಲ್ಲ. ಮೈ ಅದೇ ಸುದ್ದಿ ಕಳಿಸಿದರೆ ಮಿದುಳು ಹಳೇ ಕತೆಯನ್ನೇ ಎತ್ತಿಕೊಳ್ಳುತ್ತದೆ ಅಂತ ನನ್ನ ಊಹೆ ಹೇಳಿದೆ. ಅವನ ಅಪ್ಪ ಪಕ್ಕದಲ್ಲೇ ಕೂತಿದ್ದರು. ಮಗನ ಕಡೆ ತಿರುಗಿ ಕೇಳಿದರು, 'ನಿನಗೂ ದಾರವೇನೋ?'